800 ಯೂರೋ ಹೋಯಿತು, 800 ಯೂರೋ ಬಂತು, ರೂಪಾಯಿ ಮಾತ್ರ ಕಡಿಮೆ

«ಅಕ್ಕ, ನಾನು ಕುಶಾಲನಗರದವನು. ಓದಲು ಡಬ್ಲಿನ್‌ಗೆ ಬರ್ತಿದ್ದೇನೆ. ಒಂದು ರೂಮಿಗೆ ಅಪ್ಪನ ಕ್ರೆಡಿಟ್ ಕಾರ್ಡಲ್ಲಿ 800 ಯೂರೋ ಮುಂಗಡ ಕಟ್ಟಿದೆ. ಸ್ಟೇಟ್‌ಮೆಂಟಲ್ಲಿ 80,000, ಆಮೇಲೆ 2,800, ಆಮೇಲೆ 504 ಅಂತ ಮೂರು ಸಾಲು ಬಂತು. ಬೇರೆ ಕಡೆ ರೂಮ್ ಸಿಕ್ಕಿದ್ದಕ್ಕೆ ಕ್ಯಾನ್ಸಲ್ ಮಾಡಿದೆ. ಪೂರ್ತಿ ವಾಪಸ್ ಅಂದರು. ಮೂರು ವಾರ ಬಿಟ್ಟು ಬಂದದ್ದು 77,600. ಇದು ಮೋಸ ಅಲ್ವಾ? ಅಪ್ಪ ದಿನಾ ಕೇಳ್ತಾರೆ. ಅಲ್ಲಿ ಎಲ್ಲಾ ಹೀಗೇನಾ?»

ತಮ್ಮಾ, ರೂಮಿನವರ ಜೊತೆ ಜಗಳಕ್ಕೆ ಮಾತ್ರ ಹೋಗಬೇಡ. ಅವರು ತೆಗೆದುಕೊಂಡದ್ದು 800 ಯೂರೋ, ವಾಪಸ್ ಕೊಟ್ಟದ್ದೂ 800 ಯೂರೋ ಇರಬೇಕು. ಸ್ಟೇಟ್‌ಮೆಂಟಲ್ಲಿ ರೂಪಾಯಿ ಪಕ್ಕದಲ್ಲೋ ಕೆಳಗೋ ಸಣ್ಣದಾಗಿ EUR 800.00 ಅಂತ ಇರುತ್ತದೆ. ಹೋದ ಸಾಲಿನಲ್ಲೂ ಬಂದ ಸಾಲಿನಲ್ಲೂ ಅದೇ ಸಂಖ್ಯೆ ಇದ್ದರೆ ಅವರ ಲೆಕ್ಕ ಚುಕ್ತಾ. ಬಂದ ಸಾಲಿನಲ್ಲಿ EUR 780.00 ಅಂತೇನಾದರೂ ಇದ್ದರೆ ಆಗ ಅವರನ್ನು ಕೇಳು, ಕಡಿಮೆ ಬಂದ 20 ಯೂರೋ ಅವರು ಹಿಡಿದುಕೊಂಡ ದುಡ್ಡು.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ಇದೆ. ನಾನು ಶನಿವಾರಸಂತೆಯಿಂದ ಇಲ್ಲಿಗೆ ಬಂದು 14 ವರ್ಷ ಆಯಿತು. ಮೊದಲ ವರ್ಷ ಊರಿನ ಕಾರ್ಡಲ್ಲೇ ಒಂದು ವಿಮಾನದ ಟಿಕೆಟ್ ತೆಗೆದು ಕ್ಯಾನ್ಸಲ್ ಮಾಡಿದ್ದೆ. ದುಡ್ಡು ಕಡಿಮೆ ಬಂತು ಅಂತ ಆ ವಿಮಾನ ಕಂಪನಿಗೆ ಐದು ಮೇಲ್ ಬರೆದೆ. ಪ್ರತಿ ಸಲವೂ ಒಂದೇ ಉತ್ತರ: ನಿಮ್ಮ ಹಣ ಪೂರ್ತಿ ಕೊಟ್ಟಿದ್ದೇವೆ. ಎಂಥ ನಾಚಿಕೆ ಇಲ್ಲದವರು ಅಂತ ಬೈದುಕೊಂಡೆ. ಅವರು ಯೂರೋ ಲೆಕ್ಕ ಹೇಳುತ್ತಿದ್ದರು, ನಾನು ರೂಪಾಯಿ ಲೆಕ್ಕ ಕೇಳುತ್ತಿದ್ದೆ. ಅಷ್ಟೇ ವಿಷಯ.

ಅಪ್ಪನಿಗೆ ಹೇಳುವುದಾದರೆ ಕರಿಮೆಣಸಿನ ಲೆಕ್ಕದಲ್ಲಿ ಹೇಳು. ಇವತ್ತು ವ್ಯಾಪಾರಿಯಿಂದ ಒಂದು ಮೂಟೆ ಮೆಣಸು ಕೊಂಡರು ಅಂತ ಇಟ್ಟುಕೋ. ಮೂರು ವಾರ ಬಿಟ್ಟು ಅದೇ ಮೂಟೆಯನ್ನು ಅವನಿಗೇ ತಿರುಗಿ ಕೊಟ್ಟರೆ ಅವನು ಯಾವ ರೇಟ್ ಹಾಕುತ್ತಾನೆ? ಆ ದಿನದ ರೇಟ್. ಕೊಂಡ ದಿನದ್ದಲ್ಲ. ಮೂಟೆ ಅದೇ, ತೂಕ ಅದೇ, ದುಡ್ಡು ಬೇರೆ. ಕಾರ್ಡಲ್ಲಿ ನೀವು 800 ಯೂರೋ ಕೊಂಡಿರಿ, ಆಮೇಲೆ 800 ಯೂರೋ ಮಾರಿದಿರಿ.

ನಾವು ರೀಫಂಡ್ ಅಂದರೆ ಹಳೆಯ ವ್ಯವಹಾರವನ್ನು ಅಳಿಸಿ ಹಾಕುವುದು ಅಂದುಕೊಳ್ಳುತ್ತೇವೆ. ಕಾರ್ಡಿನ ಲೋಕದಲ್ಲಿ ಹಾಗಿಲ್ಲ. ಅದು ಉಲ್ಟಾ ದಿಕ್ಕಿನಲ್ಲಿ ನಡೆಯುವ ಹೊಸ ವ್ಯವಹಾರ. ರೂಮಿನವರು ತಮ್ಮ ಬ್ಯಾಂಕಿಗೆ ಹೇಳುತ್ತಾರೆ, ಆ ಬ್ಯಾಂಕ್ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ಗೆ ಕಳಿಸುತ್ತದೆ, ಅಲ್ಲಿ ಯೂರೋ ರೂಪಾಯಿ ಆಗಿ ಅಪ್ಪನ ಬ್ಯಾಂಕಿಗೆ ಬರುತ್ತದೆ. ಆ ರೂಪಾಯಿ ಆಗುವ ದಿನದ ರೇಟ್ ಯಾವುದೋ ಅದೇ ಲೆಕ್ಕ. ನೀನು ಕ್ಯಾನ್ಸಲ್ ಒತ್ತಿದ ದಿನವೂ ಅಲ್ಲ, ಅವರು «ಕಳಿಸಿದ್ದೇವೆ» ಅಂತ ಮೇಲ್ ಹಾಕಿದ ದಿನವೂ ಅಲ್ಲ. ಅದಕ್ಕೇ ರೀಫಂಡ್ ತಡವಾದಷ್ಟೂ ರೇಟ್ ಅತ್ತಿತ್ತ ಆಗಲು ಜಾಸ್ತಿ ಜಾಗ.

ಈಗ ನಿನ್ನ ಲೆಕ್ಕ ಬಿಡಿಸೋಣ. ಹೋದದ್ದು ಒಟ್ಟು 83,304. ಬಂದದ್ದು 77,600. ಕೊರತೆ 5,704. ಎಲ್ಲರೂ ಇದನ್ನು ಪೂರ್ತಿ ರೇಟಿನ ತಲೆಗೆ ಕಟ್ಟುತ್ತಾರೆ. ಹಾಗಲ್ಲ. 80,000ವನ್ನು 800ರಿಂದ ಭಾಗಿಸಿದರೆ ಯೂರೋಗೆ 100 ರೂಪಾಯಿ ಬಿದ್ದಿದೆ. ಬಂದ 77,600ಕ್ಕೆ ಅದೇ ಲೆಕ್ಕ ಮಾಡಿದರೆ 97. ಮೂರು ರೂಪಾಯಿ ಇಳಿದಿದೆ. 800 ಸಲ ಮೂರು ಅಂದರೆ 2,400. ರೇಟಿನಿಂದ ಹೋದದ್ದು ಇಷ್ಟೇ.

ಉಳಿದ 3,304 ರೂಪಾಯಿಗೂ ಯೂರೋ ಇಳಿದದ್ದಕ್ಕೂ ಸಂಬಂಧ ಇಲ್ಲ. ಅದು ನಿನ್ನ ಸ್ಟೇಟ್‌ಮೆಂಟಿನ ಆ ಎರಡು ಸಣ್ಣ ಸಾಲು. 2,800 ಅನ್ನುವುದು ಅಪ್ಪನ ಬ್ಯಾಂಕ್ ಹಾಕಿದ ಫಾರಿನ್ ಕರೆನ್ಸಿ ಮಾರ್ಕ್‌ಅಪ್, ಅಂದರೆ ಹೊರದೇಶದ ದುಡ್ಡಲ್ಲಿ ಕಟ್ಟಿದ್ದಕ್ಕೆ ಹಾಕುವ ಫೀ, 80,000ಕ್ಕೆ ಮೂರೂವರೆ ಪರ್ಸೆಂಟ್. 504 ಅದರ ಮೇಲಿನ ಜಿಎಸ್‌ಟಿ, 18 ಪರ್ಸೆಂಟ್. ನಮ್ಮ ದೇಶದ ಬಹಳ ಕಾರ್ಡುಗಳಲ್ಲಿ ಈ ಮೂರೂವರೆಯೇ ಇರುತ್ತದೆ, ಕೆಲವದರಲ್ಲಿ ಎರಡು, ಅಲ್ಲೊಂದು ಇಲ್ಲೊಂದರಲ್ಲಿ ಸೊನ್ನೆ. ರೀಫಂಡ್ ಬಂದಾಗ ಇದನ್ನು ತಾನಾಗಿ ವಾಪಸ್ ಕೊಡುವ ಬ್ಯಾಂಕೂ ಇದೆ, ಕೊಡದೇ ಇರುವುದೂ ಇದೆ. ಅಂದರೆ ಯೂರೋ 100ರಲ್ಲೇ ನಿಂತಿದ್ದರೂ ನಿನಗೆ ಈ 3,304 ಹೋಗುತ್ತಲೇ ಇತ್ತು. ನನಗೆ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಕಾದದ್ದು ಇದರ ಮೇಲೆ. ರೇಟ್ ಯಾರ ಕೈಯಲ್ಲೂ ಇಲ್ಲ, ಇದು ಬ್ಯಾಂಕಿನ ಕೈಯಲ್ಲಿದೆ.

ಆ 97 ಸರಿಯೇ ಅಂತ ನೀನೇ ನೋಡಬಹುದು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡರ ವೆಬ್‌ಸೈಟಲ್ಲೂ ರೇಟ್ ಲೆಕ್ಕ ಹಾಕುವ ಪುಟ ಇದೆ. ಕಾರ್ಡಿನ ಮೇಲೆ ಯಾವ ಗುರುತು ಇದೆಯೋ ಅದರದ್ದನ್ನು ತೆರೆ. ತಾರೀಖು ಹಾಕು, ಯೂರೋದಿಂದ ರೂಪಾಯಿ ಅಂತ ಆರಿಸು, ಬ್ಯಾಂಕಿನ ಫೀ ಕೇಳುವ ಕಡೆ ಸೊನ್ನೆ ಹಾಕು. ಸ್ಟೇಟ್‌ಮೆಂಟಲ್ಲಿ ಇರುವ ತಾರೀಖಿಗೆ ಸರಿಯಾಗಿ ಹೊಂದದಿದ್ದರೆ ಒಂದೆರಡು ದಿನ ಹಿಂದಿನದ್ದನ್ನೂ ಹಾಕಿ ನೋಡು. ಗೂಗಲಲ್ಲಿ ಬರುವ ರೇಟ್ ಜೊತೆ ಹೋಲಿಸಬೇಡ, ಅದು ಬೇರೆಯೇ. ಅಲ್ಲಿ 97ರ ಹತ್ತಿರ ಬಂದರೆ ರೀಫಂಡಿನ ರೇಟಲ್ಲಿ ಯಾರೂ ಕೈ ಹಾಕಿಲ್ಲ. ಆದರೆ ನಿನಗೆ ಯೂರೋಗೆ 93ರ ಆಸುಪಾಸು ಬಿದ್ದು, ಅಲ್ಲಿ 97 ತೋರಿಸಿದ್ದರೆ, ಬ್ಯಾಂಕ್ ವಾಪಸ್ ಬರುವ ದುಡ್ಡಿನ ಮೇಲೂ ಮಾರ್ಕ್‌ಅಪ್ ಮುರಿದುಕೊಂಡಿದೆ ಅಂತ ಅರ್ಥ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನಿನ್ನದು ಆ ಕೇಸ್ ಅಲ್ಲ ಅನಿಸುತ್ತದೆ.

ಹಾಗಾದರೆ ಏನು ಕೇಳಬಹುದು? 2,400 ಮರೆತುಬಿಡು. ಬ್ಯಾಂಕಿಗೆ ಡಿಸ್ಪ್ಯೂಟ್ ಹಾಕಿದರೂ ನಿಲ್ಲುವುದಿಲ್ಲ, ಯಾಕಂದರೆ ರೂಮಿನವರು ಯೂರೋ ಪೂರ್ತಿ ಕೊಟ್ಟಿದ್ದಾರೆ. 3,304ಕ್ಕೆ ಅಪ್ಪ ಒಂದು ಮೇಲ್ ಹಾಕಲಿ, ಕಾರ್ಡ್ ಅವರ ಹೆಸರಲ್ಲಿ ಇರುವುದರಿಂದ ನೀನು ಹಾಕಿದರೆ ನಡೆಯುವುದಿಲ್ಲ. ಎರಡೂ ಸಾಲಿನ ತಾರೀಖು, EUR ಮೊತ್ತ ಬರೆದು, «ವ್ಯವಹಾರ ಪೂರ್ತಿ ವಾಪಸ್ ಆಗಿದೆ, ಮಾರ್ಕ್‌ಅಪ್ ಮತ್ತು ಜಿಎಸ್‌ಟಿ ವಾಪಸ್ ಮಾಡಿ, ಆಗದಿದ್ದರೆ ಯಾವ ನಿಯಮದಲ್ಲಿ ಇಲ್ಲ ಅಂತ ತಿಳಿಸಿ» ಅಂದರೆ ಸಾಕು. ಫೋನಲ್ಲಿ ಹೇಳಿದರೆ ರೇಟ್ ಡಿಫರೆನ್ಸ್ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸುತ್ತಾರೆ. ಬಿಡಿಸಿ ಕೇಳಬೇಕು.

ಅಂದ ಹಾಗೆ ರೇಟ್ ಯಾವಾಗಲೂ ಇಳಿಯುತ್ತದೆ ಅಂತೇನಿಲ್ಲ. ನಮ್ಮ ಭಾವನಿಗೆ ಒಂದು ಸಲ ಹೋಟೆಲ್ ರೀಫಂಡ್ ಮೂಲ ಮೊತ್ತಕ್ಕಿಂತ ಜಾಸ್ತಿಯೇ ಬಂದಿತ್ತು. ಆ ನಡುವೆ ಯೂರೋ ಏರಿತ್ತು. ಅವರು ಯಾರಿಗೂ ಮೇಲ್ ಬರೆಯಲಿಲ್ಲ!

ಇನ್ನೊಂದು, ಇದು ದುಬಾರಿ ತಪ್ಪು. ರೀಫಂಡ್ ಬರುತ್ತಲ್ಲಾ ಅಂತ ಅಪ್ಪ ಆ ತಿಂಗಳ ಬಿಲ್ ಕಟ್ಟದೆ ಬಿಟ್ಟಿಲ್ಲ ತಾನೇ? ಕಡೆಯ ದಿನದೊಳಗೆ ರೀಫಂಡ್ ಬರದಿದ್ದರೆ ಬಿಲ್ ಪೂರ್ತಿ ಕಟ್ಟಲೇಬೇಕು. ಕ್ರೆಡಿಟ್ ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಮೂರು ಪರ್ಸೆಂಟಿನ ಮೇಲೆಯೇ ಇರುತ್ತದೆ. 83,304ಕ್ಕೆ ಒಂದು ತಿಂಗಳಿಗೇ ಎರಡೂವರೆ ಸಾವಿರ. ರೇಟಿನಲ್ಲಿ ಹೋದದ್ದಕ್ಕಿಂತ ಜಾಸ್ತಿ.

ಇನ್ನು ಮುಂದಿನದ್ದು. ನೀನು ಬರುವ ತನಕ ಇನ್ನೂ ಒಂದೆರಡು ಕಡೆ ಮುಂಗಡ ಕಟ್ಟಬೇಕಾಗುತ್ತದೆ. ರದ್ದಾಗಬಹುದು ಅನಿಸುವುದನ್ನೆಲ್ಲ ಯೂರೋ ತುಂಬಿದ ಫಾರೆಕ್ಸ್ ಕಾರ್ಡಲ್ಲಿ ಕಟ್ಟು. ಅದರಲ್ಲಿ ರೂಪಾಯಿ ಯೂರೋ ಆಗುವುದು ನೀನು ತುಂಬಿಸಿದಾಗ ಒಂದೇ ಸಲ. 800 ಕಟ್ಟಿದರೆ 800 ಹೋಗುತ್ತದೆ, ವಾಪಸ್ ಬಂದರೆ 800 ಯೂರೋ ಆಗಿಯೇ ಕಾರ್ಡಲ್ಲಿ ಕೂರುತ್ತದೆ. ಹೇಗೂ ಇಲ್ಲಿಗೆ ಬರುವವನು, ಇಲ್ಲೇ ಖರ್ಚು ಮಾಡುತ್ತೀಯ. ಡಾಲರ್ ತುಂಬಿಸಿಕೊಂಡು ಯೂರೋ ಕಟ್ಟಬೇಡ, ಮಧ್ಯದಲ್ಲಿ ಮತ್ತೆ ಬದಲಾವಣೆ, ಮತ್ತೆ ಫೀ. ರೀಫಂಡ್ ಬರಬೇಕಾದ ಕಾರ್ಡನ್ನು ಅದು ಬರುವ ಮೊದಲೇ ಮುಚ್ಚಿಸಲೂ ಬೇಡ.

ಕ್ರೆಡಿಟ್ ಕಾರ್ಡಲ್ಲೇ ಕಟ್ಟಿ ಮನಸ್ಸು ಬದಲಾದರೆ ಅದೇ ದಿನ, ಸಾಧ್ಯವಾದರೆ ಅದೇ ಗಂಟೆ, ಕ್ಯಾನ್ಸಲ್ ಮಾಡು. ಕಾರ್ಡ್ ಉಜ್ಜಿದ ಕೂಡಲೇ ದುಡ್ಡು ಹೋಗುವುದಿಲ್ಲ, ಮೊದಲು ಹಿಡಿದಿಟ್ಟಿರುತ್ತಾರೆ ಅಷ್ಟೇ. ಅಂಗಡಿಯವನು ಲೆಕ್ಕ ಕಳಿಸುವುದು ಸಂಜೆಯೋ ಮಾರನೇ ದಿನವೋ. ಅಷ್ಟರೊಳಗೆ ಅವನು ಅದನ್ನು ರದ್ದು ಮಾಡಿದರೆ ಹಿಡಿದಿಟ್ಟದ್ದು ಬಿಟ್ಟುಹೋಗುತ್ತದೆ. ಯೂರೋ ರೂಪಾಯಿ ಆಗುವ ಪ್ರಶ್ನೆಯೇ ಇಲ್ಲ, ಮಾರ್ಕ್‌ಅಪ್ಪೂ ಇಲ್ಲ. ಆಗ «ರೀಫಂಡ್ ಕೊಡಿ» ಅನ್ನಬೇಡ, «ಪೇಮೆಂಟ್ ವಾಯ್ಡ್ ಮಾಡಿ» ಅನ್ನು. ಎರಡೂ ಒಂದೇ ಅಂತ ಕೌಂಟರಲ್ಲಿ ಇರುವವರಿಗೂ ಅನಿಸಿರುತ್ತದೆ.

ಇಲ್ಲಿ ಅಂಗಡಿಯ ಮಷಿನ್ ನಮ್ಮ ಊರಿನ ಕಾರ್ಡ್ ಕಂಡರೆ EUR ಬೇಕಾ INR ಬೇಕಾ ಅಂತ ಕೇಳುತ್ತದೆ. ರೂಪಾಯಿ ಒತ್ತಿದರೆ ರೇಟಿನ ತಲೆನೋವೇ ಇಲ್ಲ ಅನಿಸಬಹುದು. ಒತ್ತಬೇಡ. ಆಗ ಅಂಗಡಿ ಕಡೆಯವರ ರೇಟ್ ಬೀಳುತ್ತದೆ, ಅದು ಸಾಮಾನ್ಯವಾಗಿ ತುಟ್ಟಿ. ಅದರ ಮೇಲೂ ಫೀ ಹಾಕುವ ನಮ್ಮ ಬ್ಯಾಂಕುಗಳು ಇವೆ.

«ಎಲ್ಲಾ ಹೀಗೇನಾ» ಅಂದೆಯಲ್ಲ, ಇಲ್ಲಿಯ ಬ್ಯಾಂಕಲ್ಲಿ ಖಾತೆ ಆಗುವ ತನಕ ಮಾತ್ರ. ಇಲ್ಲಿಯ ಕಾರ್ಡಲ್ಲಿ 40 ಯೂರೋ ಶೂ ತಿರುಗಿಸಿದರೆ 40 ಯೂರೋ ಬರುತ್ತದೆ. ಖಾತೆ ತೆರೆಯಲು ವಿಳಾಸದ ಪುರಾವೆ ಕೇಳುತ್ತಾರೆ, ಹೊಸ ರೂಮಿನ ಕರಾರು ಪತ್ರ ನಿನ್ನ ಹೆಸರಲ್ಲೇ ಇರುವ ಹಾಗೆ ಈಗಲೇ ನೋಡಿಕೋ. ಅಪ್ಪನ ಬ್ಯಾಂಕಿನಿಂದ ಉತ್ತರ ಬಂದ ಮೇಲೆ ಕಳಿಸು, ಕಾರ್ಡ್ ನಂಬರ್ ಮುಚ್ಚಿ.