ಮೊದಲು ಬಿಲ್ ಎಲ್ಲಿದೆ ನೋಡಿ, ಆಮೇಲೆ ಸಿಸಿ

"ಸರ್, ಗಿಣಿಗೇರಾದಾಗ ನಂದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಐತಿ. ಫ್ಯಾಕ್ಟರಿಯಿಂದ 3,54,000 ರೂಪಾಯಿ ಬರಬೇಕು, 60 ದಿನ ಆತು. ಅಕೌಂಟ್ಸ್ ಹುಡುಗ ಮೇಲ್‌ಗೆ ಉತ್ತರಾನೇ ಕೊಡವಲ್ಲ. ಫೈನಾನ್ಸ್ ಹೆಡ್‌ನ ಸಿಸಿ ಹಾಕಿಬಿಡಲಾ?"

ಇನ್ನೂ ಬೇಡ. ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲ ಬರುತ್ತದೆ. ಕೇಳುವವರು ಎಷ್ಟು ದಿನ ಆಯಿತು ಎಂದು ಹೇಳುತ್ತಾರೆ, ಬಿಲ್ ಈಗ ಯಾರ ಟೇಬಲ್ ಮೇಲಿದೆ ಎಂದು ಒಬ್ಬರೂ ಹೇಳುವುದಿಲ್ಲ. ಸಿಸಿ ಯಾರಿಗೆ ಎಂಬುದು ಅದರ ಮೇಲೆಯೇ ನಿಂತಿದೆ.

ನಿಮ್ಮದು ಕೆಲಸದ ಬಿಲ್. ಕೆಲಸ ಮಾಡಿಸಿದ ಇಂಜಿನಿಯರ್ ಅಳತೆ ನೋಡಿ ಕಂಪ್ಯೂಟರ್‌ನಲ್ಲಿ ಸರ್ವಿಸ್ ಎಂಟ್ರಿ ಹಾಕಬೇಕು. ಆಮೇಲೆಯೇ ಅಕೌಂಟ್ಸ್‌ನವರು ಬಿಲ್ ಬುಕ್ ಮಾಡುವುದು. ಎಂಟ್ರಿ ಆಗದಿದ್ದರೆ ಫೈನಾನ್ಸ್ ಹೆಡ್ ನೋಡುವ ಪಟ್ಟಿಯಲ್ಲಿ ನಿಮ್ಮ ಬಾಕಿ ಸೊನ್ನೆ.

ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುವ ಒಬ್ಬರು ಕನ್ವೇಯರ್ ರಿಪೇರಿ ಮಾಡುತ್ತಾರೆ. ಸಿಟ್ಟಿನಲ್ಲಿ ನೇರ ಹೆಡ್‌ಗೆ ಸಿಸಿ ಹಾಕಿದರು. ಐದೇ ನಿಮಿಷದಲ್ಲಿ ಎಲ್ಲರಿಗೂ ಉತ್ತರ ಬಂತು: 'ಈ ಬಿಲ್ ನಮ್ಮಲ್ಲಿ ಬುಕ್ ಆಗಿಲ್ಲ.' ಎಂಟ್ರಿ ಹಾಕದೆ ಕೂತಿದ್ದ ಇಂಜಿನಿಯರ್‌ಗೆ ಅವರ ಬಾಸ್‌ನಿಂದ ಬೈಗುಳ. ಮರುದಿನ ಆತ ಟೇಪ್ ಹಿಡಿದು ಸೈಟಿಗೆ ಹೋದ, ಪೂರ್ತಿ ಕೆಲಸ ಮತ್ತೆ ಅಳೆದ, ಎರಡು ಐಟಂ ಕಡಿಮೆ ಮಾಡಿದ. ದುಡ್ಡು ಇನ್ನೂ 40 ದಿನ ತಡವಾಯಿತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಮೊದಲ ಮೇಲ್ ಅಕೌಂಟ್ಸ್ ಹುಡುಗನಿಗೆ ಮಾತ್ರ, ಸಿಸಿ ಖಾಲಿ. ಪಿಒ ನಂಬರ್, ಬಿಲ್ ನಂಬರ್ ಬರೆದು ಒಂದೇ ಮಾತು ಕೇಳಿ: 'ಬಿಲ್ ಬುಕ್ ಆಗಿದೆಯೇ, ಯಾವ ತಾರೀಕಿಗೆ ಪೇಮೆಂಟ್?' ಎರಡು ದಿನ ಉತ್ತರ ಇಲ್ಲದಿದ್ದರೆ ಫೋನ್ ಮಾಡಿ. 'ಯಾವಾಗ ಕೊಡ್ತೀರಿ' ಅಂದರೆ ಅವನ ಹತ್ತಿರ ಉತ್ತರ ಇರುವುದಿಲ್ಲ. 'ಬುಕ್ ಆಗಿದೆಯಾ' ಅಂದರೆ ನೋಡಿ ಹೇಳುತ್ತಾನೆ.

ಬುಕ್ ಆಗಿಲ್ಲ ಅಂದನಾ? ಹಾಗಾದರೆ ಮೇಲ್ ಇಂಜಿನಿಯರ್‌ಗೆ ಹೋಗಬೇಕು, ಸಿಸಿ ಪಿಒ ಕೊಟ್ಟ ಪರ್ಚೇಸ್‌ನವರಿಗೆ. ಸಹಿ ಆದ ಅಳತೆ ಹಾಳೆಯ ಫೋಟೊ ಜೊತೆಗಿರಲಿ. ಫೈನಾನ್ಸ್‌ನವರ ಹೆಸರು ಇಲ್ಲಿ ಬೇಡವೇ ಬೇಡ.

ಬುಕ್ ಆಗಿ, ಗಡುವು ದಾಟಿದ್ದರೆ ಐದು ಕೆಲಸದ ದಿನ ಕಾದು ಎರಡನೇ ಮೇಲ್. ಸಿಸಿ ಅವನ ಮೇಲಿನ ಅಕೌಂಟ್ಸ್ ಮ್ಯಾನೇಜರ್‌ಗೆ. ಕಳಿಸುವ ಮೊದಲು ಹುಡುಗನಿಗೆ ಫೋನ್ ಮಾಡಿ ಹೇಳಿ: 'ತಮ್ಮಾ, ನಿಮ್ಮ ಮ್ಯಾನೇಜರ್‌ಗೂ ಒಂದು ಕಾಪಿ ಹಾಕ್ತೀನಿ, ನಿಂಗೂ ಕೇಳೋಕೆ ಅನುಕೂಲ.' ಹೇಳಿ ಹಾಕಿದ ಸಿಸಿ ಅವನಿಗೆ ದೂರು ಅನಿಸುವುದಿಲ್ಲ.

ಹೆಡ್‌ಗೆ ಬರೆಯುವ ಹೊತ್ತು ಒಂದೇ. ಬಿಲ್ ಬುಕ್ ಆಗಿದೆ, ಬರವಣಿಗೆಯಲ್ಲಿ ತಕರಾರು ಇಲ್ಲ, ಅವರೇ ಕೊಟ್ಟ ತಾರೀಕೂ ತಪ್ಪಿದೆ. ಆಗ ಹಳೇ ಮೇಲ್ ಸರಣಿಯಲ್ಲೇ ಐದು ಸಾಲು ಬರೆಯಿರಿ: ಬಿಲ್, ಬುಕ್ ಆದ ದಿನ, ಗಡುವು, ಕೊಟ್ಟ ಮಾತು, ಉದ್ಯಮ್ ನಂಬರ್. ಉದ್ಯಮ್ ನಂಬರ್ ಸುಮ್ನೆ ಅಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿಮ್ಮಂಥ ಸಣ್ಣ ಘಟಕಕ್ಕೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಮುಗಿದ ಕೆಲಸವನ್ನು ಕಂಪನಿ ಒಪ್ಪಿಕೊಂಡ ದಿನದಿಂದ ದುಡ್ಡು ಕೊಡುವುದು 45 ದಿನ ಮೀರುವಂತಿಲ್ಲ. ಗಡುವು ಮೀರಿದ ಆ ಬಾಕಿ ಮಾರ್ಚ್ 31ಕ್ಕೂ ಹಾಗೇ ಉಳಿದರೆ, ಆ ವರ್ಷದ ಖರ್ಚು ಎಂದು ಆದಾಯ ತೆರಿಗೆಯಲ್ಲಿ ತೋರಿಸಲು ಕಂಪನಿಗೆ ಆಗುವುದಿಲ್ಲ. ಈ ಚಿಂತೆ ಹೆಡ್‌ಗೆ ಇರುತ್ತದೆ, ಹುಡುಗನಿಗೆ ಇರುವುದಿಲ್ಲ. ಬಡ್ಡಿ, ಕೋರ್ಟು ಎಂದು ಮಾತ್ರ ಬರೆಯಬೇಡಿ. ಬರೆದರೆ ಫೈಲ್ ಲೀಗಲ್‌ಗೆ ಹೋಗಿ ಅಲ್ಲೇ ಕೂರುತ್ತದೆ.

ಹೆಡ್‌ಗೆ ಬರೆಯುವ ಮೊದಲು ನಿಮ್ಮ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಬಿಲ್‌ನಲ್ಲಿರುವ 54,000 ರೂಪಾಯಿ ಜಿಎಸ್‌ಟಿಯ ತೆರಿಗೆ ಕ್ರೆಡಿಟ್ ಅವರಿಗೆ ಸಿಗುವುದಿಲ್ಲ. ಆಗ ಬಿಲ್ ತಡೆಹಿಡಿದದ್ದು ಸರಿಯೇ ಆಗುತ್ತದೆ. ತಪ್ಪು ನಿಮ್ಮದೇ ಎಂದು ಅಲ್ಲಿನ ಎಲ್ಲರ ಎದುರು ಗೊತ್ತಾಗುತ್ತದೆ.

"ಮ್ಯಾನೇಜರ್‌ನ ಬಿಸಿಸಿಯಲ್ಲಿ ಇಟ್ಟರೆ?"

ಬೇಡ. ಅವರು 'ರಿಪ್ಲೈ ಆಲ್' ಒತ್ತಿದ ಕೂಡಲೇ ಬಯಲಾಗುತ್ತದೆ.

"ರಾಯಚೂರಿನಲ್ಲಿ ಒಬ್ಬರು 5 ಪರ್ಸೆಂಟ್ ಕೊಟ್ಟರೆ ಎಂಡಿಗೇ ಮೇಲ್ ಹಾಕಿ ಬಿಲ್ ಪಾಸ್ ಮಾಡಿಸ್ತೀನಿ ಅಂತಾರೆ."

ಒಂದು ರೂಪಾಯಿಯೂ ಕೊಡಬೇಡಿ. ಎಂಡಿ ಆ ಮೇಲ್ ಓದಿದರೂ ಅದೇ ಅಕೌಂಟ್ಸ್ ಹುಡುಗನಿಗೇ ಫಾರ್ವರ್ಡ್ ಮಾಡುತ್ತಾರೆ.

"ನಮ್ಮದು ಬಳ್ಳಾರಿ ಜೀನ್ಸ್ ಹೊಲಿಗೆ ಘಟಕ. ಹೊರಗಿನ ಅಂಗಡಿಯವರಿಗೆ ಮೇಲ್ ಹಾಕುವಾಗ ಯಾರನ್ನು ಸಿಸಿ ಇಡಲಿ?"

ಮಾಲೀಕರೇ ಚೆಕ್ ಬರೆಯುವ ಕಡೆ ಸಿಸಿಗೆ ಕೆಲಸವೇ ಇಲ್ಲ. ಅವರಿಗೇ ಬೆಳಿಗ್ಗೆ ಹೊತ್ತು ಫೋನ್ ಮಾಡಿ.