ಇಎಂಐ ಇಳಿಯುತ್ತೆ ಅಂತ ಗೃಹಸಾಲ ಬದಲಾಯಿಸುವ ಮುಂಚೆ

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆ ಇದೆ. ಗೃಹಸಾಲ ಇನ್ನೂ 20 ಲಕ್ಷ ಬಾಕಿ, 12 ವರ್ಷ ಉಳಿದಿದೆ, ಬಡ್ಡಿ ಶೇ. 9.25. ಬೇರೆ ಬ್ಯಾಂಕಿನವರು ಶೇ. 8.5ಕ್ಕೆ ಕೊಡ್ತೀವಿ, ಇಎಂಐ 23 ಸಾವಿರದಿಂದ 17 ಸಾವಿರ ಚಿಲ್ಲರೆಗೆ ಇಳಿಯುತ್ತೆ ಅಂತಿದ್ದಾರೆ. ಬದಲಾಯಿಸಬಹುದಾ?

ಬದಲಾಯಿಸಬಹುದು. ಆದರೆ ಆ 17 ಸಾವಿರದ ಲೆಕ್ಕವನ್ನು ಒಪ್ಪಬೇಡಿ. ಬಡ್ಡಿ ಮುಕ್ಕಾಲು ಪರ್ಸೆಂಟ್ ಇಳಿದರೆ ಇಎಂಐ ಅಷ್ಟೊಂದು ಇಳಿಯಲ್ಲ. ಅವರು ನಿಮ್ಮ ಸಾಲವನ್ನು ಮತ್ತೆ 20 ವರ್ಷಕ್ಕೆ ಎಳೆದಿದ್ದಾರೆ. ಈಗಿನ ಸಾಲದಲ್ಲೇ ಮುಂದುವರಿದರೆ ನೀವು ಇನ್ನು ಕಟ್ಟುವುದು ಒಟ್ಟು ಸುಮಾರು 33.2 ಲಕ್ಷ. ಅವರ ಲೆಕ್ಕದಲ್ಲಿ ಸುಮಾರು 41.7 ಲಕ್ಷ. ಬಡ್ಡಿ ಕಮ್ಮಿ ಆಗಿಯೂ ಎಂಟು ಲಕ್ಷ ಜಾಸ್ತಿ!

ಹಾಗಾಗಿ ಅವಧಿ 144 ತಿಂಗಳೇ ಇರಲಿ ಅಂತ ಬರೆದು ಕೇಳಿ. ಆಗ ಇಎಂಐ ಸುಮಾರು 22,200 ಆಗುತ್ತದೆ. ತಿಂಗಳಿಗೆ ಉಳಿಯುವುದು 840 ರೂಪಾಯಿ, 12 ವರ್ಷಕ್ಕೆ ಸುಮಾರು 1.2 ಲಕ್ಷ.

ಇದರಲ್ಲಿ ಖರ್ಚು ಕಳೆಯಬೇಕು. ಫ್ಲೋಟಿಂಗ್ ಬಡ್ಡಿಯ ಗೃಹಸಾಲ ವೈಯಕ್ತಿಕ ಹೆಸರಿನಲ್ಲಿದ್ದರೆ, ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ಹಳೇ ಬ್ಯಾಂಕ್ ದಂಡ ಹಾಕುವಂತಿಲ್ಲ, ಅದು ಆರ್‌ಬಿಐ ನಿಯಮ. ಖರ್ಚು ಬರುವುದು ಹೊಸ ಕಡೆ: ಪ್ರೊಸೆಸಿಂಗ್ ಫೀ, ಅದರ ಮೇಲೆ ಶೇ. 18 ಜಿಎಸ್‌ಟಿ, ವಕೀಲರ ಮತ್ತು ಮೌಲ್ಯಮಾಪನದ ಫೀ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಅಡಮಾನ ಬಿಡಿಸಿ ಹೊಸದು ಮಾಡಿಸುವ ಖರ್ಚು. ಫೀ ಮನ್ನಾ ಅಂದರೂ ಈ ಕೊನೆಯದು ಸಾಮಾನ್ಯವಾಗಿ ನಮ್ಮ ತಲೆ ಮೇಲೇ ಬರುತ್ತದೆ. ಎಲ್ಲಾ ಸೇರಿ 30 ಸಾವಿರ ಆದರೆ, ಅದು ವಾಪಸ್ ಬರೋಕೆ ಮೂರು ವರ್ಷ ಬೇಕು. ನಿಮಗೆ 12 ವರ್ಷ ಇರುವುದರಿಂದ ಲಾಭವೇ. ಬರೀ 5 ಲಕ್ಷ, ಮೂರು ವರ್ಷ ಉಳಿದಿದ್ದರೆ ಇದೇ ಬಡ್ಡಿಗೆ ಒಟ್ಟು ಉಳಿತಾಯ ಆರು ಸಾವಿರ ಚಿಲ್ಲರೆ ಅಷ್ಟೇ, ಆಗ ಬೇಡ ಅಂತಿದ್ದೆ.

ಚಿಕ್ಕಮಗಳೂರಿನಲ್ಲಿ ನಾನು ಸಾಲ ವರ್ಗಾಯಿಸಿದಾಗ ಇಎಂಐ ಇಳಿಸಿಕೊಳ್ಳಲಿಲ್ಲ. ಹಳೇ ಮೊತ್ತವನ್ನೇ ಕಟ್ಟುತ್ತಿದ್ದೇನೆ. ನೀವೂ 23 ಸಾವಿರವನ್ನೇ ಕಟ್ಟಿದರೆ ಸಾಲ ಸುಮಾರು 9 ತಿಂಗಳು ಮುಂಚೆ ಮುಗಿಯುತ್ತದೆ, ಖರ್ಚು ಕಳೆಯುವ ಮುಂಚೆ ಉಳಿತಾಯ ಎರಡು ಲಕ್ಷ ಮುಟ್ಟುತ್ತದೆ.

ಮೊದಲು ಹೊಸ ಬ್ಯಾಂಕಿನ ಆಫರ್ ಪತ್ರ ಹಿಡಿದು ಈಗಿನ ಬ್ಯಾಂಕಿಗೇ ಹೋಗಿ. ನಿಮ್ಮ ಸಾಲದ ಬಡ್ಡಿ ಆರ್‌ಬಿಐನ ರೆಪೊ ದರಕ್ಕೆ ಸೇರಿದ್ದರೆ, ಅದರ ಮೇಲೆ ಬ್ಯಾಂಕ್ ಸೇರಿಸಿರುವ ಹೆಚ್ಚುವರಿ ಬಡ್ಡಿ, ಅಂದರೆ ಸ್ಪ್ರೆಡ್ ಇಳಿಸಿ ಅಂತ ಅರ್ಜಿ ಕೊಡಿ. ಸಣ್ಣ ಫೀಗೆ ಒಪ್ಪಿದರೆ ಶೇ. 8.75 ಸಿಕ್ಕರೂ ಯೋಚಿಸಬಹುದು, ಕಾಗದಪತ್ರಕ್ಕೆ ಓಡಾಟವೇ ಇರಲ್ಲ ಅಲ್ವಾ.

ಒಪ್ಪದಿದ್ದರೆ, ಪ್ರೊಸೆಸಿಂಗ್ ಫೀ ಕಟ್ಟುವ ಮುಂಚೆ ಮನೆಯ ಖಾತೆಯ ಪ್ರತಿಯನ್ನು ಹೊಸ ಬ್ಯಾಂಕಿನ ವಕೀಲರಿಗೆ ತೋರಿಸಿ. ಊರಂಚಿನ ಪಂಚಾಯಿತಿ ಖಾತೆ ಸೈಟುಗಳನ್ನು ಒಂದು ಬ್ಯಾಂಕ್ ಒಪ್ಪಿದರೆ ಇನ್ನೊಂದು ಒಪ್ಪಲ್ಲ, ಆಗ ಕಟ್ಟಿದ ಫೀ ಸುಮ್ನೆ ಹೋಗಬಹುದು.