ಬಂದೆ, ಬರ್ತೀನಿ, ಬರುವೆನು: ‘ಬರು’ ಮೂರು ಕಾಲದಲ್ಲಿ

“ಕನ್ನಡ ಕಲಿಯೋಕೆ ಶುರು ಮಾಡಿ ಒಂದು ತಿಂಗಳಾಯ್ತು. ಕಾಲಗಳು ತಲೆಗೆ ಹತ್ತುತ್ತಿಲ್ಲ. ಒಂದೇ ಕ್ರಿಯಾಪದ ತೆಗೆದುಕೊಂಡು ಮೂರು ಕಾಲದಲ್ಲೂ ತೋರಿಸುತ್ತೀರಾ? ಪುಸ್ತಕದಲ್ಲಿ ‘ಬರುವೆನು’ ಅಂತ ಇದೆ, ಆದರೆ ಹೊರಗೆ ಯಾರ ಬಾಯಲ್ಲೂ ಕೇಳಿಲ್ಲ.”

‘ಬರು’ ನಿಮ್ಮ ಪ್ರಶ್ನೆಯಲ್ಲೇ ಇದೆ, ಅದನ್ನೇ ನೋಡೋಣ.

ಮೊದಲು ‘ನಾನು’ ಜೊತೆ ಹೇಳಿ ನೋಡಿ. ನಿನ್ನೆ ಬಂದೆನು. ದಿನಾ ಬರುತ್ತೇನೆ. ನಾಳೆ ಬರುವೆನು. ನಡುವೆ ಬರುವ ಸದ್ದನ್ನು ಗಮನಿಸಿ: ಆಗಿಹೋದದ್ದಕ್ಕೆ ‘ದ’, ಈಗಿನದ್ದಕ್ಕೆ ‘ಉತ್ತ’, ಮುಂದಿನದ್ದಕ್ಕೆ ‘ವ’. ಅದರ ಆಚೆಗಿರುವ ಬಾಲ ಯಾರು ಅಂತ ಹೇಳುತ್ತದೆ. ಅವನಾದರೆ ಬಂದನು, ಬರುತ್ತಾನೆ, ಬರುವನು. ಅವಳಾದರೆ ಬಂದಳು, ಬರುತ್ತಾಳೆ, ಬರುವಳು. ನೀವು ಅಂದರೆ ಬಂದಿರಿ, ಬರುತ್ತೀರಿ, ಬರುವಿರಿ. ಅವರು ಅಂದರೆ ಬಂದರು, ಬರುತ್ತಾರೆ, ಬರುವರು. ಅಜ್ಜಿ, ಮೇಷ್ಟ್ರು, ಪಕ್ಕದ ಮನೆ ಆಂಟಿ ಒಬ್ಬರೇ ಇದ್ದರೂ ‘ಬಂದರು’ ಅಂತಲೇ ಹೇಳಿ. ಇನ್ನು ಬಸ್ಸು, ಮಳೆ, ನಾಯಿ ಇವಕ್ಕೆಲ್ಲ ಬಂತು, ಬರುತ್ತದೆ, ಬರುವುದು.

ಹೊಸಬರು ಎಡವುವುದು ‘ಬಂದೆ’ಯಲ್ಲಿ. ‘ಮಾಡು’ ಹೋಗಿ ‘ಮಾಡಿದೆ’ ಆಗುತ್ತದೆ, ಹಾಗಾಗಿ ‘ಬರು’ ಹೋಗಿ ‘ಬರಿದೆ’ ಆಗಬೇಕು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ‘ರು’ ಬಿದ್ದು ‘ಬಂದ್’ ಆಗುತ್ತದೆ. ‘ತರು’ ಕೂಡ ಹೀಗೇ, ‘ತಂದೆ’ ಆಗುತ್ತದೆ. ಇದಕ್ಕೆ ಸೂತ್ರ ಹುಡುಕಬೇಡಿ, ಸುಮ್ನೆ ‘ಬರು–ಬಂದು’ ಅಂತ ಜೋಡಿಯಾಗಿ ಬಾಯಿಪಾಠ ಮಾಡಿ. ಆ ‘ಬಂದು’ ಗೊತ್ತಾದರೆ ‘ಬಂದರೆ ಹೇಳಿ’, ‘ನಿನ್ನೆ ಬಂದ ಹುಡುಗ’, ‘ಬಂದಿದ್ದೇನೆ’ ಇವೆಲ್ಲ ಅದರಿಂದಲೇ ಹುಟ್ಟುತ್ತವೆ.

ಈಗ ‘ಬರುವೆನು’. ಅದು ತಪ್ಪಲ್ಲ. ಕವಿತೆಯಲ್ಲಿ, ಭಾಷಣದಲ್ಲಿ, ಹಳೆಯ ಪತ್ರಗಳಲ್ಲಿ ಸಿಗುತ್ತದೆ. ಮಾತಿನಲ್ಲಿ ಮಾತ್ರ ಆ ಕೆಲಸವನ್ನು ‘ಬರುತ್ತೇನೆ’ ವಹಿಸಿಕೊಂಡಿದೆ. ‘ನಾಳೆ ಬರ್ತೀನಿ’ ಅನ್ನುತ್ತೇವೆ, ಮಂಗಳೂರಿನ ಕಡೆ ‘ನಾಳೆ ಬರ್ತೇನೆ’. ಎರಡರಲ್ಲೂ ಮುಂದಿನದ್ದು ಅಂತ ಹೇಳುವುದು ‘ನಾಳೆ’ ಅನ್ನೋ ಪದ, ಕ್ರಿಯಾಪದ ಅಲ್ಲ. ಹಾಗಾದರೆ ಈ ಕ್ಷಣ ದಾರಿಯಲ್ಲಿದ್ದೀನಿ ಅಂತ ಹೇಳೋದು ಹೇಗೆ? ಅದಕ್ಕೆ ‘ಬರ್ತಾ ಇದ್ದೀನಿ’, ಬರೆಯುವಾಗ ‘ಬರುತ್ತಿದ್ದೇನೆ’. ಪುಸ್ತಕ ‘ಬರುತ್ತೇನೆ’ಯನ್ನು ವರ್ತಮಾನ ಅಂತ ಕರೆದರೂ ಮಾತಿನಲ್ಲಿ ಅದು ಜಾಸ್ತಿ ಕೇಳುವುದು ರೂಢಿಗೆ ಮತ್ತು ನಾಳೆಗೆ. ಆದರೆ ಆ ‘ವ’ ಪೂರ್ತಿ ಸತ್ತಿಲ್ಲ. ‘ಬರುವ ಸೋಮವಾರ’, ಮಾತಿನಲ್ಲಿ ‘ಬರೋ ಸೋಮವಾರ’ ಅಂತೀವಲ್ಲ, ಅಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ.

ಪುಸ್ತಕದಲ್ಲಿ ಇಲ್ಲದ ಒಂದು ವಿಷಯ ಹೇಳಲೇಬೇಕು. ನಮ್ಮ ಮೇಲಿನ ಮನೆಯಲ್ಲಿ ಒಡಿಶಾದ ಹುಡುಗನೊಬ್ಬ ಇದ್ದ, ನಾನೇ ಅವನಿಗೆ ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತಿದ್ದೆ. ಒಂದು ದಿನ ಅವನು ಪ್ಲಂಬರ್‌ಗೆ ಫೋನ್ ಮಾಡಿದ, ಅವರು ‘ಬಂದೆ ಸರ್, ಬಂದೆ’ ಅಂದರು. ‘ಬಂದೆ’ ಭೂತಕಾಲ, ಬಂದಾಯ್ತು ಅಂತ ತಾನೇ ಅರ್ಥ? ಅವನು ಕೆಳಗಿಳಿದು ಗೇಟ್ ಹತ್ತಿರ ಮುಕ್ಕಾಲು ಗಂಟೆ ನಿಂತ. ತಪ್ಪು ನನ್ನದು, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾರಾದರೂ ಕರೆದಾಗ ‘ಇನ್ನೇನು ಬಂದುಬಿಡ್ತೀನಿ’ ಅನ್ನೋದಕ್ಕೆ ನಾವು ‘ಬಂದೆ’ ಅನ್ನುತ್ತೇವೆ. ಅಮ್ಮ ಊಟಕ್ಕೆ ಕರೆದರೆ ಮಕ್ಕಳು ಕೂತಲ್ಲಿಂದಲೇ ‘ಬಂದೆ’ ಅಂತ ಕೂಗುವುದೂ ಇದೇ. ಸ್ಟಾಪಿನಲ್ಲಿ ನಿಂತು ದೂರದ ತಿರುವಿನಲ್ಲಿ ಬಸ್ಸು ಕಂಡ ಕೂಡಲೇ ‘ಬಸ್ ಬಂತು’ ಅನ್ನುತ್ತೇವೆ, ಅದು ಇನ್ನೂ ಬಂದು ನಿಂತಿರುವುದಿಲ್ಲ. ನಿಜಕ್ಕೂ ಬಂದು ತಲುಪಿದ್ದಾರಾ ಅಂತ ಗೊತ್ತಾಗಬೇಕಾದರೆ ‘ಬಂದಿದ್ದೀರಾ?’ ಅಂತ ಕೇಳಿ. ‘ಬಂದಿದ್ದೀನಿ’ ಅಂದರೆ ಇಲ್ಲೇ ಇದ್ದಾರೆ. ‘ಬಂದೆ’ ಅಂದರೆ ಇನ್ನೂ ದಾರಿಯಲ್ಲಿರಬಹುದು, ಮನೆಯೇ ಬಿಟ್ಟಿಲ್ಲದಿರಬಹುದು.

ಇದಕ್ಕೆ ಉಲ್ಟಾ ಕೂಡ ಇದೆ. ಮನೆಗೆ ಬಂದವರು ಎದ್ದು ಚಪ್ಪಲಿ ಹಾಕಿಕೊಂಡು ‘ಬರ್ತೀನಿ’ ಅಂದರೆ ಹೊರಟರು ಅಂತ. ‘ಹೋಗ್ತೀನಿ’ ಅನ್ನುವುದನ್ನು ಹಿರಿಯರು ಇಷ್ಟಪಡುವುದಿಲ್ಲ, ಅದಕ್ಕೆ ‘ಹೋಗಿ ಬರ್ತೀನಿ’, ಚಿಕ್ಕದಾಗಿ ‘ಬರ್ತೀನಿ’.

ಇಲ್ಲ ಅನ್ನುವಾಗ ನಿಮ್ಮ ಕೆಲಸ ತುಂಬಾ ಹಗುರ. ನಿನ್ನೆಗೆ ‘ಬರಲಿಲ್ಲ’, ಮಾತಿನಲ್ಲಿ ‘ಬರ್ಲಿಲ್ಲ’. ದಿನನಿತ್ಯಕ್ಕೂ ನಾಳೆಗೂ ‘ಬರುವುದಿಲ್ಲ’, ಮಾತಿನಲ್ಲಿ ‘ಬರಲ್ಲ’. ನಾನು, ಅವಳು, ಅವರು, ಬಸ್ಸು ಯಾರೇ ಆದರೂ ಬಾಲ ಬದಲಾಗುವುದಿಲ್ಲ. ಮೊದಲ ವಾರ ಬಾಲಗಳು ಕೈಕೊಟ್ಟರೆ ‘ಅವರು ಬರ್ಲಿಲ್ಲ’, ‘ನಾಳೆ ನಾನು ಬರಲ್ಲ’ ಇಂಥವನ್ನೇ ಮೊದಲು ಆಡಿ, ತಪ್ಪೋ ಸಾಧ್ಯತೆ ಕಡಿಮೆ.